ವಕೀಲರ ಬಿಲ್ ಜಾಸ್ತಿ ಅನಿಸಿದರೆ: ಬಿಡಿಸಿ ಕೇಳುವುದು ಹೇಗೆ, ಎಷ್ಟು ಕೊಟ್ಟರೆ ಸರಿ

ನಮ್ಮ ಶಿರಸಿ, ಕುಮಟಾ, ಕಾರವಾರದ ಕಡೆ ವಕೀಲರ ಫೀಸು ಹೆಚ್ಚಾಗಿ ಬಾಯಿಮಾತಿನಲ್ಲೇ ನಿಗದಿಯಾಗುತ್ತದೆ. ಮೊದಲ ದಿನ ಕೇಳಿದರೆ "ನೋಡೋಣ ಬಿಡಿ, ನೀವೇನು ಹೊರಗಿನವರಾ" ಅನ್ನುತ್ತಾರೆ. ವಕಾಲತ್ತಿಗೆ ಸಹಿ ಹಾಕಿ, ಕೈಲಿದ್ದಷ್ಟು ಕೊಟ್ಟು ಬರುತ್ತೇವೆ. ಎರಡು ಮೂರು ವರ್ಷ ಕಳೆದು ಕೇಸು ಮುಗಿದ ಮೇಲೆ ಒಂದು ಹಾಳೆ ಬರುತ್ತದೆ. ಐದಾರು ಸಾಲು, ಕೆಳಗೆ ದೊಡ್ಡದೊಂದು ಮೊತ್ತ. ಆಗ ಜನ ಎರಡರಲ್ಲಿ ಒಂದು ಮಾಡುತ್ತಾರೆ: ಸಾಲ ಮಾಡಿ ಕೊಟ್ಟುಬಿಡುತ್ತಾರೆ, ಇಲ್ಲವೇ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ. ಎರಡೂ ಬೇಡ. ಬಿಲ್ಲನ್ನು ಬಿಡಿಸಿ ನೋಡಲು ಬರುತ್ತದೆ, ಅದಕ್ಕೆ ಕಾನೂನು ಓದಿರಬೇಕಾಗಿಲ್ಲ.

ನನ್ನ ದೊಡ್ಡಮ್ಮನ ಮಗಳಿಗೆ ಬಂದ ಬಿಲ್ಲನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ವಕೀಲರ ಹೆಸರು ಬೇಡ. ಅಕ್ಕ ತವರಿನ ತೋಟದಲ್ಲಿ ಪಾಲು ಕೇಳಿ ಶಿರಸಿ ಕೋರ್ಟಿನಲ್ಲಿ ದಾವೆ ಹಾಕಿದ್ದಳು. ಕೊನೆಗೆ ಅಣ್ಣತಮ್ಮಂದಿರ ಜೊತೆ ರಾಜಿಯಾಯಿತು. ಆಮೇಲೆ ಬಂದ ಬಿಲ್ ಹೀಗಿತ್ತು:

ವಕೀಲರ ಫೀಸು: 60,000
ಹಾಜರಾತಿ, 26 ದಿನ, ದಿನಕ್ಕೆ 1,000: 26,000
ರಾಜಿ ಅರ್ಜಿ ತಯಾರಿ: 15,000
ಕೋರ್ಟ್ ಖರ್ಚು, ಟೈಪಿಂಗ್ ಇತ್ಯಾದಿ: 14,500
ಪ್ರಯಾಣ, ಕಾರವಾರ ಮತ್ತು ಧಾರವಾಡ: 6,500
ಜಿಎಸ್‌ಟಿ ಶೇ. 18: 21,960
ಒಟ್ಟು: 1,43,960
ಮುಂಗಡ ಬಂದಿದ್ದು: 35,000
ಬಾಕಿ: 1,08,960

ಮೊದಲು ನಿಮ್ಮ ಕಡೆಯ ಲೆಕ್ಕ ಹೊರಗೆ ತೆಗೆಯಿರಿ

ವಕೀಲರಿಗೆ ಫೋನ್ ಮಾಡುವ ಮೊದಲು ಎರಡು ವಿಷಯ ಹುಡುಕಿ. ಒಂದು, ಫೀಸಿನ ಬಗ್ಗೆ ಏನು ಮಾತಾಗಿತ್ತು. ಎರಡು, ನೀವು ಈವರೆಗೆ ಎಷ್ಟು ಕೊಟ್ಟಿದ್ದೀರಿ.

ಬರಹದಲ್ಲಿ ಏನೂ ಇಲ್ಲ ಅಂತ ಕೈಚೆಲ್ಲಬೇಡಿ. ಈಗ ಎಲ್ಲರ ಮಾತೂ ವಾಟ್ಸಾಪ್‌ನಲ್ಲಿ ಒಂದಲ್ಲ ಒಂದು ಕಡೆ ಸಿಕ್ಕಿಕೊಂಡಿರುತ್ತದೆ. ಅಕ್ಕನ ಫೋನಿನಲ್ಲಿ ಹಳೇ ಚಾಟ್ ತಿರುವಿದಾಗ ವಕೀಲರೇ ಕಳಿಸಿದ ಒಂದು ಸಾಲು ಸಿಕ್ಕಿತು: "ಕೇಸ್ ಮುಗಿಯೋವರೆಗೆ ಒಟ್ಟು ಅರವತ್ತು, ಕೋರ್ಟ್ ಖರ್ಚು ಬೇರೆ." ಇಡೀ ಬಿಲ್ಲಿನ ಕೀಲಿ ಇದೇ ಸಾಲು. ನಿಮಗೆ ಇಂಥದ್ದು ಸಿಗದಿದ್ದರೆ, ಮೊದಲ ದಿನ ಜೊತೆಗೆ ಬಂದಿದ್ದವರನ್ನು ಕೇಳಿ ಅವರಿಗೆ ನೆನಪಿರುವುದನ್ನು ಬರೆದಿಡಿ.

ಕೊಟ್ಟ ದುಡ್ಡಿಗೆ ಬ್ಯಾಂಕ್ ಪಾಸ್‌ಬುಕ್ ಮತ್ತು ಫೋನ್‌ಪೇ ನೋಡಿದರಾಯಿತು. ತೊಂದರೆ ಬರುವುದು ನಗದಿನಲ್ಲಿ. ಅಕ್ಕ 20,000 ಮತ್ತು 15,000 ಫೋನ್‌ಪೇ ಮಾಡಿದ್ದಳು. ಇನ್ನೊಂದು 10,000ವನ್ನು ಕೋರ್ಟ್ ಆವರಣದಲ್ಲೇ ವಕೀಲರ ಗುಮಾಸ್ತರ ಕೈಗೆ ಕೊಟ್ಟಿದ್ದಳು. ಬಿಲ್ಲಿನಲ್ಲಿ 35,000 ಮಾತ್ರ ಜಮೆ ಇತ್ತು. ಆದರೆ ಗುಮಾಸ್ತರು ಆ ದಿನ "ಹತ್ತು ಸಾವಿರ ತಲುಪಿತು ಅಕ್ಕಾ" ಅಂತ ಮೆಸೇಜ್ ಹಾಕಿದ್ದರು. ರಸೀದಿ ಇಲ್ಲದಿದ್ದರೂ ಅದು ಸಾಕಾಯಿತು. ಎಷ್ಟೋ ಬಿಲ್ಲುಗಳಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ, ಗುಮಾಸ್ತರ ಡೈರಿಯಿಂದ ವಕೀಲರ ಪುಸ್ತಕಕ್ಕೆ ಬರೆಯದೇ ಉಳಿದಿರುತ್ತದೆ. ಹಾಗಾಗಿ ಇದನ್ನು ಕಳ್ಳತನ ಅನ್ನುವ ಧಾಟಿಯಲ್ಲಿ ಎತ್ತಬೇಡಿ.

ಬಿಲ್ಲನ್ನು ಫೀಸು, ಖರ್ಚು, ಮುಂಗಡ ಅಂತ ಬೇರೆ ಮಾಡಿ

ಫೀಸು ಅಂದರೆ ವಕೀಲರ ಕೆಲಸಕ್ಕೆ ಕೊಡುವುದು. ಖರ್ಚು ಅಂದರೆ ನಿಮ್ಮ ಪರವಾಗಿ ಅವರು ಬೇರೆಯವರಿಗೆ ಕಟ್ಟಿದ್ದು: ಕೋರ್ಟ್ ಶುಲ್ಕ, ಸಮನ್ಸ್ ಕಳಿಸುವ ಪ್ರೋಸೆಸ್ ಶುಲ್ಕ, ದೃಢೀಕೃತ ನಕಲು, ಜೆರಾಕ್ಸ್. ಫೀಸು ಒಪ್ಪಂದದ ಮೇಲೆ ನಿಲ್ಲುತ್ತದೆ, ಖರ್ಚು ರಸೀದಿಯ ಮೇಲೆ ನಿಲ್ಲುತ್ತದೆ. ಎರಡನ್ನೂ ಕಲಸಿ "ಇತ್ಯಾದಿ" ಅಂತ ಬರೆದಲ್ಲೇ ಜಾಸ್ತಿ ಬಿಲ್ ಅಡಗಿರುತ್ತದೆ.

ಇದು ಬರೀ ನನ್ನ ಅಭಿಪ್ರಾಯವಲ್ಲ. ಭಾರತೀಯ ವಕೀಲರ ಪರಿಷತ್ತಿನ ನಡವಳಿಕೆ ನಿಯಮಗಳಲ್ಲಿ 25ರಿಂದ 30ರವರೆಗಿನ ನಿಯಮಗಳು ಪೂರ್ತಿ ಕಕ್ಷಿದಾರರ ದುಡ್ಡಿನ ಬಗ್ಗೆಯೇ ಇವೆ. ವಕೀಲರು ಲೆಕ್ಕ ಇಡಬೇಕು. ಬಂದ ಹಣ ಫೀಸಿಗೋ ಖರ್ಚಿಗೋ ಅಂತ ಆ ಲೆಕ್ಕದಲ್ಲಿ ನಮೂದಿಸಬೇಕು. ಕೇಸು ನಡೆಯುತ್ತಿರುವಾಗ ಖರ್ಚಿಗೆ ಅಂತ ಕೊಟ್ಟ ಹಣವನ್ನು ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಫೀಸಿಗೆ ತಿರುಗಿಸುವಂತಿಲ್ಲ. ನೀವು ಕೇಳಿದರೆ ಲೆಕ್ಕದ ಪ್ರತಿ ಕೊಡಬೇಕು, ನಕಲು ಮಾಡುವ ಖರ್ಚನ್ನು ನೀವು ಕೊಡಬೇಕು ಅಷ್ಟೆ. ಅಂದರೆ ವಿವರ ಕೇಳುವುದು ನಿಮ್ಮ ಹಕ್ಕು. ಕೇಳಿದರೆ ವಕೀಲರಿಗೆ ಅವಮಾನ ಮಾಡಿದಂತೆ ಅನ್ನುವ ಅಂಜಿಕೆ ಬೇಡ.

ಹಾಜರಾತಿಯನ್ನು ಕೋರ್ಟಿನ ದಾಖಲೆಗೆ ಹೋಲಿಸಿ

ತುಂಬಾ ಜನರಿಗೆ ಗೊತ್ತಿಲ್ಲದ ಸಂಗತಿ ಇದು. ನಿಮ್ಮ ಕೇಸಿನ ಪ್ರತಿ ದಿನಾಂಕದಲ್ಲಿ ಏನಾಯಿತು ಅನ್ನುವುದು ಇ-ಕೋರ್ಟ್ಸ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. services.ecourts.gov.in ತೆರೆದು, ಕೇಸಿನ 16 ಅಕ್ಷರಗಳ ಸಿಎನ್ಆರ್ ಸಂಖ್ಯೆ ಹಾಕಿ. ಆ ಸಂಖ್ಯೆ ಗೊತ್ತಿಲ್ಲದಿದ್ದರೆ ಜಿಲ್ಲೆ ಮತ್ತು ಕೋರ್ಟ್ ಆರಿಸಿ, ಕೇಸ್ ನಂಬರ್ ಮತ್ತು ವರ್ಷ ಕೊಟ್ಟರೂ ಬರುತ್ತದೆ. ಕೆಳಗೆ Case History ಅಂತ ದಿನಾಂಕಗಳ ಪಟ್ಟಿ ಇರುತ್ತದೆ. ಒಂದೊಂದು ದಿನಾಂಕ ಒತ್ತಿದರೆ ಆ ದಿನ ಏನಾಯಿತು ಅನ್ನುವ ಟಿಪ್ಪಣಿ ತೆರೆದುಕೊಳ್ಳುತ್ತದೆ. ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದು, ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ: ದಿನಾಂಕ, ಏನಾಯಿತು, ನಮ್ಮ ವಕೀಲರು ಏನು ಮಾಡಿದರು.

ಅಕ್ಕನ ಕೇಸಿನಲ್ಲಿ ದಿನಾಂಕಗಳು ಇದ್ದದ್ದು 22, ಬಿಲ್ಲಿನಲ್ಲಿ 26. ಆ 22ರಲ್ಲೂ 8 ದಿನ ನ್ಯಾಯಾಧೀಶರು ರಜೆ, ಇಲ್ಲವೇ ಎದುರಿನವರು ಸಮಯ ಕೇಳಿದ್ದು. ಆದರೆ ಇಲ್ಲಿ ಎಚ್ಚರ ಇರಲಿ. "8 ದಿನ ಏನೂ ಆಗಿಲ್ಲ, ಅದಕ್ಕೆ ದುಡ್ಡು ಕೊಡಲ್ಲ" ಅನ್ನುವುದು ಬಲವಾದ ವಾದವಲ್ಲ. ಕೇಸು ಮುಂದೆ ಹೋದರೂ ವಕೀಲರು ಬೆಳಿಗ್ಗೆಯಿಂದ ಕೋರ್ಟಿನಲ್ಲಿ ಕಾಯುತ್ತಾರೆ. ದಿನಕ್ಕಿಷ್ಟು ಅಂತ ಒಪ್ಪಂದ ಇದ್ದಿದ್ದರೆ ಆ ದಿನಗಳಿಗೂ ಕೊಡಬೇಕಾದೀತು. ಅಕ್ಕನ ಬಲ ಇದ್ದದ್ದು ಬೇರೆ ಕಡೆ: "ಒಟ್ಟು ಅರವತ್ತು" ಅಂದ ಮೇಲೆ ಹಾಜರಾತಿ ಅದರೊಳಗೇ ಬಂತಲ್ವಾ? ಹಾಗಾಗಿ 26,000 ಪೂರ್ತಿ ಪ್ರಶ್ನೆಗೆ ಬಂತು. 22 ಮತ್ತು 26ರ ವ್ಯತ್ಯಾಸವನ್ನು ಎರಡನೇ ಸಾಲಿನಲ್ಲಿ ಸುಮ್ನೆ ನಮೂದಿಸಿದೆವು.

ಅದೇ ಪಟ್ಟಿ ವಕೀಲರ ಪರವಾಗಿಯೂ ಒಂದು ವಿಷಯ ಹೇಳಿತು. 14,500ರ ಕೋರ್ಟ್ ಖರ್ಚು ಅಕ್ಕನಿಗೆ ವಿಪರೀತ ಅನಿಸಿತ್ತು. ಜಂಟಿ ಸ್ವಾಧೀನದಲ್ಲಿರುವ ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ದಾವೆಗೆ ಕರ್ನಾಟಕದಲ್ಲಿ ಕೋರ್ಟ್ ಶುಲ್ಕ ಆಸ್ತಿಯ ಬೆಲೆಯ ಶೇಕಡಾವಾರು ಅಲ್ಲ, ಸಣ್ಣ ನಿಗದಿತ ಮೊತ್ತ. ಹಾಗಾದರೆ ಇಷ್ಟು ಯಾಕೆ? ಪಟ್ಟಿ ನೋಡಿದರೆ ಮುಂಬೈಯಲ್ಲಿರುವ ತಮ್ಮನಿಗೆ ಸಮನ್ಸ್ ಎರಡು ಸಲ ಜಾರಿಯಾಗದೆ ವಾಪಸ್ ಬಂದು, ಕೋರ್ಟ್ ಪತ್ರಿಕಾ ಪ್ರಕಟಣೆಗೆ ಅನುಮತಿ ಕೊಟ್ಟಿತ್ತು. ಪೇಪರಿನ ಜಾಹೀರಾತು ಬಿಲ್ಲೇ 4,200. ಇಂಥದ್ದನ್ನು ಮೊದಲೇ ನೋಡಿಕೊಂಡರೆ ವಕೀಲರ ಮುಂದೆ ಮುಖ ಕೆಡುವುದಿಲ್ಲ.

ಜಿಎಸ್‌ಟಿ ಸಾಲು

ಇಡೀ ಬಿಲ್ಲಿನಲ್ಲಿ ಅತಿ ಸುಲಭವಾಗಿ ತೆಗೆಸಬಹುದಾದ ಸಾಲು ಇದು. ವಕೀಲರೊಬ್ಬರು ಅಥವಾ ವಕೀಲರ ಪಾಲುದಾರಿಕೆ ಸಂಸ್ಥೆ ವ್ಯಾಪಾರಸ್ಥರಲ್ಲದ ಸಾಮಾನ್ಯ ಜನರಿಗೆ ಕೊಡುವ ಕಾನೂನು ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ನಿಗದಿತ ಮಿತಿಗಿಂತ ಕಡಿಮೆ ವಹಿವಾಟಿನ ಸಣ್ಣ ವ್ಯಾಪಾರಿಗೂ ವಿನಾಯಿತಿ ಇದೆ. ಅದಕ್ಕಿಂತ ದೊಡ್ಡ ವ್ಯಾಪಾರಿಯಾದರೆ ತೆರಿಗೆ ಬೀಳುತ್ತದೆ, ಆದರೆ ಅದನ್ನು ವ್ಯಾಪಾರಿಯೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಅದಕ್ಕೆ ರಿವರ್ಸ್ ಚಾರ್ಜ್ ಅನ್ನುತ್ತಾರೆ. ಮೂರೂ ಸಂದರ್ಭದಲ್ಲಿ ವಕೀಲರ ಬಿಲ್ಲಿನಲ್ಲಿ ಶೇ. 18 ಸೇರಿಸಿ ವಸೂಲಿ ಮಾಡುವ ಪ್ರಶ್ನೆ ಬರುವುದಿಲ್ಲ. ತೋಟದ ಪಾಲು ಕೇಳಿದ ಗೃಹಿಣಿಯ ಬಿಲ್ಲಿನಿಂದ 21,960 ಹಾಗೇ ಹೋಗಬೇಕು.

ಇನ್ನೊಂದು ವಿಷಯ, ಕರಾವಳಿಯವರಿಗೆ ವಿಶೇಷವಾಗಿ. ಸೀಬರ್ಡ್ ನೌಕಾನೆಲೆ, ಹೆದ್ದಾರಿ ಅಗಲೀಕರಣ ಅಂತ ಕಾರವಾರ, ಅಂಕೋಲಾ ಕಡೆ ಭೂಸ್ವಾಧೀನದ ಪರಿಹಾರದ ಕೇಸು ನಡೆಸಿದ ಮನೆಗಳು ಬಹಳ. "ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ನನಗೆ" ಅನ್ನುವ ಫೀಸಿನ ಮಾತು ಬಂದರೆ, ವಕೀಲರ ಪರಿಷತ್ತಿನ ನಿಯಮದಲ್ಲೇ ಅದಕ್ಕೆ ನಿಷೇಧ ಇದೆ ಅನ್ನುವುದು ತಿಳಿದಿರಲಿ. ಗೆದ್ದರೆ ಮಾತ್ರ ಫೀಸು ಅನ್ನುವುದೂ ಹಾಗೇ. ಅಂಥ ಬಿಲ್ ಬಂದರೆ ಪರ್ಸೆಂಟ್ ಕಡಿಮೆ ಮಾಡಿ ಅಂತ ಚೌಕಾಸಿಗೆ ಇಳಿಯಬೇಡಿ. ಮಾಡಿದ ಕೆಲಸದ ಮೇಲೆ ಬೇರೆ ಬಿಲ್ ಕೊಡಿ ಅಂತ ಕೇಳಿ.

ವಿವರ ಕೇಳುವ ಪತ್ರ

ಮೊದಲು ಒಂದು ಮಾತು ಎದುರಿಗೇ ಹೋಗಿ ಹೇಳಿ. ಸಂಜೆ ಆಫೀಸಿನಲ್ಲಿ, ಬೇರೆ ಕಕ್ಷಿದಾರರು ಇಲ್ಲದಾಗ. ನಾಲ್ಕು ಜನರೆದುರು ಲೆಕ್ಕ ಕೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. "ವಕೀಲರೇ, ಬಿಲ್ ನೋಡಿದೆವು. ಎರಡು ಮೂರು ಸಾಲು ನಮಗೆ ಅರ್ಥ ಆಗಲಿಲ್ಲ. ಬರೆದು ಕಳಿಸ್ತೇವೆ, ವಿವರ ಕೊಡಿ" ಅಂದರೆ ಸಾಕು. ಅಲ್ಲೇ ಕೂತು ವಾದ ಮಾಡಬೇಡಿ. ವಾದ ಅವರ ಕಸುಬು.

ಆಮೇಲೆ ಪತ್ರ. ವಾಟ್ಸಾಪ್ ಸಾಕಾಗಬಹುದು, ಆದರೆ ಮೊತ್ತ ದೊಡ್ಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅಕ್ಕ ಕಳಿಸಿದ್ದು ಹೆಚ್ಚುಕಡಿಮೆ ಹೀಗಿತ್ತು:

"ಮಾನ್ಯ ವಕೀಲರಿಗೆ ನಮಸ್ಕಾರಗಳು. ನನ್ನ ಪಾಲಿನ ದಾವೆಯನ್ನು ನೀವು ನಡೆಸಿ ರಾಜಿಯಲ್ಲಿ ಮುಗಿಸಿಕೊಟ್ಟಿದ್ದಕ್ಕೆ ಉಪಕಾರ. ನೀವು ಕಳಿಸಿದ ಬಿಲ್ಲಿನ ಬಗ್ಗೆ ಕೆಳಗಿನ ವಿವರ ಬೇಕಾಗಿದೆ. 1. ಶುರುವಿನಲ್ಲಿ ಒಟ್ಟು ಫೀಸು 60,000 ಅಂತ ನೀವು ತಿಳಿಸಿದ ಸಂದೇಶದ ಪ್ರತಿ ಲಗತ್ತಿಸಿದ್ದೇನೆ. ಹಾಜರಾತಿಯ 26,000 ಇದರ ಹೊರಗೆ ಹೇಗೆ ಬಂತು ತಿಳಿಸಿ. ಕೋರ್ಟಿನ ದಾಖಲೆಯಲ್ಲಿ 22 ದಿನಾಂಕಗಳಿವೆ. 2. ಕೋರ್ಟ್ ಖರ್ಚಿನ 14,500ಕ್ಕೆ ಬಾಬುವಾರು ಪಟ್ಟಿ, ಇರುವ ರಸೀದಿಗಳ ಪ್ರತಿ ಕೊಡಿ. ಪತ್ರಿಕಾ ಪ್ರಕಟಣೆ ಆಗಿದ್ದು ನನಗೆ ಗೊತ್ತಿದೆ. 3. ರಾಜಿ ಅರ್ಜಿಗೆ ಏನೇನು ಕೆಲಸ ಆಯಿತು, ಯಾವ ದಿನ. 4. ಪ್ರಯಾಣ ಯಾವ ದಿನ, ಯಾವ ಕೆಲಸಕ್ಕೆ. 5. ನಾನು ವ್ಯಾಪಾರಸ್ಥಳಲ್ಲ, ಜಿಎಸ್‌ಟಿ ಹೇಗೆ ಅನ್ವಯ ತಿಳಿಸಿ. 6. ಗುಮಾಸ್ತರ ಕೈಗೆ ಕೊಟ್ಟ 10,000 ಜಮೆ ಆಗಿಲ್ಲ, ಅವರ ಸಂದೇಶ ಲಗತ್ತಿಸಿದೆ. ನನ್ನ ಖಾತೆಯ ಲೆಕ್ಕದ ಪ್ರತಿ 15 ದಿನದೊಳಗೆ ಕೊಡಬೇಕಾಗಿ ವಿನಂತಿ. ತಕರಾರಿಲ್ಲದ ಬಾಕಿಯಲ್ಲಿ 15,000 ಇಂದು ಖಾತೆಗೆ ಹಾಕುತ್ತಿದ್ದೇನೆ."

ಕೊನೆಯ ಸಾಲಿನ ಬಗ್ಗೆ ಎರಡು ಮಾತು. 60,000 ಫೀಸಿನಲ್ಲಿ ಅಕ್ಕ ಕೊಟ್ಟಿದ್ದು 45,000. ಉಳಿದ 15,000ದ ಬಗ್ಗೆ ಜಗಳವೇ ಇಲ್ಲ. ಅದನ್ನು ಪತ್ರದ ಜೊತೆಗೇ ಕೊಟ್ಟರೆ "ದುಡ್ಡು ಕೊಡಲು ಮನಸ್ಸಿಲ್ಲದೆ ಕ್ಯಾತೆ ತೆಗೆದಳು" ಅನ್ನುವ ಮಾತು ಹುಟ್ಟುವುದಿಲ್ಲ. ಹಣ ಕಳಿಸುವಾಗ ಟಿಪ್ಪಣಿಯಲ್ಲಿ "ಒಪ್ಪಿದ ಫೀಸಿನ ಬಾಕಿ" ಅಂತ ಬರೆಯಿರಿ. ಬರೀ "ಬಿಲ್" ಅಂತ ಬರೆದರೆ ಇಡೀ ಬಿಲ್ಲನ್ನು ಒಪ್ಪಿಕೊಂಡು ಕಂತು ಕೊಟ್ಟಹಾಗೆ ಕಾಣುತ್ತದೆ.

ಎಷ್ಟು ಕೊಟ್ಟರೆ ಸರಿ

ಉತ್ತರ ಬಂದ ಮೇಲೆ ನಿಮ್ಮದೇ ಒಂದು ಮೊತ್ತ ಹೇಳಲೇಬೇಕು. "ನೀವೇ ಏನಾದರೂ ಕಡಿಮೆ ಮಾಡಿ" ಅಂದರೆ ಐದು ಸಾವಿರ ಬಿಟ್ಟು ಕೈ ಮುಗಿಯುತ್ತಾರೆ. ಸಾಲು ಸಾಲಾಗಿ ಲೆಕ್ಕ ಹಾಕಿ ಇಡಿ.

ಅಕ್ಕನಿಗೆ ಬಂದ ಉತ್ತರದಲ್ಲಿ ಜಿಎಸ್‌ಟಿ ಬಿಟ್ಟಿದ್ದರು, 10,000 ಜಮೆ ಮಾಡಿದ್ದರು. ಖರ್ಚಿನಲ್ಲಿ ಪ್ರಕಟಣೆಯ 4,200 ಮತ್ತು ಶುಲ್ಕ, ನಕಲುಗಳ 3,100ಕ್ಕೆ ರಸೀದಿ ಇತ್ತು. ಉಳಿದ 7,200 ಟೈಪಿಂಗ್, ಜೆರಾಕ್ಸ್, ಓಡಾಟ, ಯಾವುದಕ್ಕೂ ಚೀಟಿ ಇಲ್ಲ. ಇಂಥ ಕಡೆ ಸೊನ್ನೆ ಅನ್ನುವುದು ನ್ಯಾಯವಲ್ಲ. ಟೈಪಿಂಗ್ ಮಾಡಿಸದೆ ಕೇಸು ನಡೆಯುವುದಿಲ್ಲ, ಕೋರ್ಟ್ ಪಕ್ಕದ ಟೈಪಿಸ್ಟ್ ರಸೀದಿ ಕೊಡುವುದೂ ಇಲ್ಲ. ದಾವೆಯ ಪುಟ ಎಣಿಸಿ, ಪ್ರತಿವಾದಿಗಳೆಷ್ಟು ನೋಡಿ, ಊರಿನ ಟೈಪಿಂಗ್ ದರ ಕೇಳಿ 3,000 ಅಂತ ಹಾಕಿದೆವು.

ಪ್ರಯಾಣದಲ್ಲಿ ಹಳೇ ಭೂ ದಾಖಲೆ ತರಲು ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಕಾರವಾರಕ್ಕೆ ಹೋಗಿಬಂದಿದ್ದು ನಿಜ, ದಾಖಲೆಯ ಮೇಲೇ ತಾರೀಖು ಇತ್ತು. ಅದಕ್ಕೆ 2,500. ಹೈಕೋರ್ಟ್ ಪೀಠ ಇರುವ ಧಾರವಾಡಕ್ಕೆ ಹೋಗುವ ಕೆಲಸ ಮಾತ್ರ ಈ ಕೇಸಿನಲ್ಲಿ ಇರಲಿಲ್ಲ. ಮೇಲ್ಮನವಿಯೇ ಆಗಿಲ್ಲ.

ನಿಜವಾಗಿ ಮಾತಾಡಬೇಕಾಗಿದ್ದು ರಾಜಿ ಅರ್ಜಿಯ 15,000ದ ಬಗ್ಗೆ. "ಕೇಸ್ ಮುಗಿಯೋವರೆಗೆ" ಅಂದರೆ ರಾಜಿಯೂ ಸೇರಿತು ಅನ್ನುವುದು ಅಕ್ಕನ ವಾದ. ಆದರೆ ವಕೀಲರು ಅಣ್ಣತಮ್ಮಂದಿರನ್ನು ಕೂರಿಸಿ, ಯಾರಿಗೆ ಯಾವ ಸರ್ವೆ ನಂಬರಿನಲ್ಲಿ ಎಷ್ಟು, ನೀರಿನ ದಾರಿ ಯಾರ ಕಡೆ, ಬೆಟ್ಟದ ಸೊಪ್ಪು ಯಾರಿಗೆ ಅನ್ನುವವರೆಗೆ ಬರೆದಿದ್ದರು. ಅದು ಮಾಮೂಲಿ ಕೆಲಸವಲ್ಲ. ರಾಜಿಯಾದ್ದರಿಂದ ಸಾಕ್ಷಿ ವಿಚಾರಣೆ ಉಳಿಯಿತು, ಅಂದರೆ ವಕೀಲರಿಗೂ ಶ್ರಮ ಉಳಿಯಿತು, ಅದೂ ನಿಜ. ಅಕ್ಕ 5,000ದಿಂದ ಶುರು ಮಾಡಿದಳು, 9,000ಕ್ಕೆ ನಿಂತಿತು.

ಹಾಜರಾತಿಯ ಸಾಲನ್ನು ವಕೀಲರು ಸ್ವಲ್ಪ ಎಳೆದಾಡಿ ಬಿಟ್ಟುಕೊಟ್ಟರು. ಲೆಕ್ಕ ಹೀಗಾಯಿತು: ಫೀಸು 60,000, ಖರ್ಚು 10,300, ರಾಜಿ 9,000, ಪ್ರಯಾಣ 2,500, ಒಟ್ಟು 81,800. ಮೊದಲು ಕೊಟ್ಟ 45,000 ಮತ್ತು ಪತ್ರದ ಜೊತೆ ಕೊಟ್ಟ 15,000 ಕಳೆದರೆ ಉಳಿದದ್ದು 21,800. ಅದನ್ನು ಬ್ಯಾಂಕ್ ಮೂಲಕ ಕೊಟ್ಟು, "ಈ ಕೇಸಿನ ಫೀಸು, ಖರ್ಚು ಪೂರ್ತಿ ಚುಕ್ತಾ" ಅಂತ ಸಹಿ ಮಾಡಿದ ರಸೀದಿ ತಗೊಂಡಳು. ಚುಕ್ತಾ ಅನ್ನುವುದು ರಸೀದಿಯಲ್ಲಿ ಇರಲೇಬೇಕು.

ಒಪ್ಪದಿದ್ದರೆ, ಕಾಗದ ಕೊಡದಿದ್ದರೆ

"ಬಾಕಿ ಕೊಟ್ಟು ಫೈಲ್ ತಗೊಂಡು ಹೋಗಿ" ಅನ್ನುವವರಿದ್ದಾರೆ. ಫೀಸು ಬಾಕಿ ಇದೆ ಅಂತ ವಕೀಲರು ಕೇಸಿನ ಕಾಗದ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಆರ್. ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಫೀಸು ಬೇಕಿದ್ದರೆ ಬೇರೆ ದಾರಿಯಲ್ಲಿ ವಸೂಲಿ ಮಾಡಿಕೊಳ್ಳಬೇಕು. ಮೂಲ ಪತ್ರಗಳ ಪಟ್ಟಿ ಬರೆದು, ತಾರೀಖು ಹಾಕಿ ವಾಪಸ್ ಕೇಳಿ.

ಕೇಸು ಇನ್ನೂ ನಡೆಯುತ್ತಿದ್ದರೆ ನಿಧಾನ ಮಾಡಿ. ಮುಂದಿನ ದಿನಾಂಕಕ್ಕೆ ಎರಡು ದಿನ ಇರುವಾಗ ಬಿಲ್ ಜಗಳ ತೆಗೆದರೆ ನಷ್ಟ ನಿಮಗೇ. ಹೊಸ ವಕೀಲರನ್ನು ಇಡಬೇಕಾದರೆ ಹಳೆಯವರ ಒಪ್ಪಿಗೆ ಪತ್ರ ಕೇಳುತ್ತಾರೆ. ಅವರು ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು.

ಬಿಲ್ ಜಾಸ್ತಿ ಅಂತ ಗ್ರಾಹಕರ ಆಯೋಗಕ್ಕೆ ಹೋಗುವ ದಾರಿ ಈಗ ಇಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಯ ಕೆಳಗೆ ಬರುವುದಿಲ್ಲ ಅಂತ ಮೇ 2024ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು, ಆದರೆ ಅದು ದುರ್ನಡತೆಯನ್ನು ವಿಚಾರಿಸುವ ಜಾಗ. ಫೀಸು ಜಾಸ್ತಿ ಅನ್ನುವುದಷ್ಟೇ ಅಲ್ಲಿ ನಿಲ್ಲುವುದು ಕಷ್ಟ. ಲೆಕ್ಕ ಕೊಡಲಿಲ್ಲ, ಕೊಟ್ಟ ಹಣ ಇಲ್ಲ ಅಂದರು, ಕಾಗದ ಹಿಡಿದಿಟ್ಟರು ಅನ್ನುವುದು ನಿಲ್ಲುತ್ತದೆ. ಅದಕ್ಕೂ ಮೊದಲು ಕೋರ್ಟ್ ಆವರಣದಲ್ಲೇ ಇರುವ ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟು ನೋಡಿ. ದಾವೆ ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ಲೋಕ ಅದಾಲತ್‌ನಲ್ಲಿ ಮಾತಾಡಿಸುವ ವ್ಯವಸ್ಥೆ ಇದೆ. ಅಂದಹಾಗೆ, ಆ ಸಮಿತಿಯಿಂದ ಹೆಣ್ಣುಮಕ್ಕಳಿಗೆ ಆದಾಯದ ಮಿತಿ ನೋಡದೆ ಪುಕ್ಕಟೆ ವಕೀಲರು ಸಿಗುತ್ತಾರೆ. ಅಕ್ಕನಿಗೆ ಇದು ಗೊತ್ತಾಗಿದ್ದು ಕೇಸು ಮುಗಿದ ಮೇಲೆ.

ಲೆಕ್ಕಪರಿಶೋಧಕರ ಬಿಲ್ ಆದರೆ

ಹೆಜ್ಜೆಗಳು ಇವೇ, ಆದರೆ ಎರಡು ಮೂರು ಕಡೆ ಬೇರೆ. ಜಿಎಸ್‌ಟಿ ಇಲ್ಲಿ ಸರಿಯಾದ ಸಾಲು. ಅವರಿಗೆ ನೋಂದಣಿ ಇದ್ದರೆ ಶೇ. 18 ಹಾಕುತ್ತಾರೆ. ಬಿಲ್ಲಿನ ಮೇಲೆ ಜಿಎಸ್‌ಟಿ ಸಂಖ್ಯೆ ಇರಬೇಕು, ಅದನ್ನು gst.gov.in ನಲ್ಲಿ ಹಾಕಿ ನೋಡಿ. ಸಂಖ್ಯೆಯೇ ಇಲ್ಲದೆ ತೆರಿಗೆ ಸೇರಿಸಿದ್ದರೆ ಆ ಸಾಲು ಕೊಡಬೇಡಿ.

ನಿಮ್ಮ ಲೆಕ್ಕ ಬರೆಯುವವರು ನಿಜವಾಗಿ ಸಿಎ ಹೌದೋ, ಟ್ಯಾಕ್ಸ್ ಪ್ರಾಕ್ಟೀಷನರ್ ಮಾತ್ರವೋ ತಿಳಿದುಕೊಳ್ಳಿ. ನಮ್ಮಲ್ಲಿ ಎಲ್ಲರನ್ನೂ "ಆಡಿಟರ್" ಅನ್ನುವುದು ರೂಢಿ. ಸಿಎ ಸಹಿ ಮಾಡಿದ ಆಡಿಟ್ ವರದಿಗೆ, ಸರ್ಟಿಫಿಕೇಟಿಗೆ 18 ಅಂಕಿ ಅಕ್ಷರಗಳ ಯುಡಿಐಎನ್ ಸಂಖ್ಯೆ ಇರುತ್ತದೆ, udin.icai.org ನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಆಡಿಟ್ ಫೀಸು ಅಂತ ಬಿಲ್ ಇದ್ದು ಯುಡಿಐಎನ್ ಇಲ್ಲದಿದ್ದರೆ, ಯಾವ ಆಡಿಟ್ ಅಂತ ಕೇಳುವುದು ನ್ಯಾಯವೇ. ಸಿಎ ಮೇಲಿನ ದೂರು ಅವರ ಸಂಸ್ಥೆಯಾದ ಐಸಿಎಐನ ಶಿಸ್ತು ವಿಭಾಗಕ್ಕೆ ಹೋಗುತ್ತದೆ. ಪ್ರಾಕ್ಟೀಷನರ್ ಮೇಲೆ ಆ ದಾರಿ ಇಲ್ಲ.

ಅಂಗಡಿ, ಹೋಮ್‌ಸ್ಟೇ ನಡೆಸುವವರ ಬಿಲ್ಲಿನಲ್ಲಿ ಮುಖ್ಯವಾಗಿ ನೋಡಬೇಕಾದದ್ದು ದಂಡದ ಸಾಲು. "ಲೇಟ್ ಫೀ ಕಟ್ಟಿದ್ದು" ಅಂತ ಒಂದು ಮೊತ್ತ ಇರುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮ ಲಾಗಿನ್‌ನಿಂದ ಒಳಗೆ ಹೋದರೆ ಪ್ರತಿ ರಿಟರ್ನ್ ಯಾವ ದಿನ ಸಲ್ಲಿಕೆಯಾಯಿತು, ಲೇಟ್ ಫೀ ಎಷ್ಟು ಕಟ್ಟಾಯಿತು ಅನ್ನುವುದು ಕಾಣುತ್ತದೆ. ಜಿಎಸ್‌ಟಿಆರ್-3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದ ತಿಂಗಳಾದರೆ 20. ಮೊದಲು ಬಿಲ್ಲಿನ ಮೊತ್ತ ಪೋರ್ಟಲ್ಲಿನ ಮೊತ್ತಕ್ಕೆ ತಾಳೆ ಆಗಬೇಕು. ಆಮೇಲಿನ ಪ್ರಶ್ನೆ, ತಡ ಮಾಡಿದ್ದು ಯಾರು? ನೀವು ಬಿಲ್‌ಗಳನ್ನು ವಾಟ್ಸಾಪ್ ಮಾಡಿದ ತಾರೀಖು ಮತ್ತು ರಿಟರ್ನ್ ಹೋದ ತಾರೀಖು ಪಕ್ಕಪಕ್ಕ ಬರೆಯಿರಿ. ನೀವು ಹತ್ತನೇ ತಾರೀಖಿಗೆ ಕೊಟ್ಟು, ಕೊನೆಯ ದಿನ 20 ಆಗಿದ್ದು, ಅವರು ಮುಂದಿನ ತಿಂಗಳು ಹಾಕಿದ್ದರೆ ಆ ದಂಡ ನಿಮ್ಮ ಬಿಲ್ಲಿಗೆ ಬರಬಾರದು. ನೀವೇ 25ಕ್ಕೆ ಕೊಟ್ಟಿದ್ದರೆ ಸುಮ್ನೆ ಕಟ್ಟಿ.

ಲಾಗಿನ್ ಅವರ ಫೋನ್ ನಂಬರಿಗೇ ಜೋಡಣೆಯಾಗಿದ್ದರೆ, ಬಿಲ್ಲಿನ ಮಾತು ಶುರು ಮಾಡುವ ಮೊದಲೇ ಅದನ್ನು ನಿಮ್ಮ ನಂಬರಿಗೆ ಮಾಡಿಸಿಕೊಳ್ಳಿ. ಮಾತು ಕೆಟ್ಟ ಮೇಲೆ ಓಟಿಪಿ ಕೇಳಲು ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ.